ಅಡಗಿಸಿಟ್ಟ ಮೂರನೆಯ ದಾರಿ

ದಾರಿಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಒಬ್ಬ ರಾಜಕುಮಾರನಿದ್ದನಂತೆ. ಕುದುರೆ ಏರಿ ಹೊರಟವನಿಗೆ ಕಾಡಿನ ನಡುವೆ ಮೂರು ಕವಲು ಸಿಕ್ಕವಂತೆ. ಒಂದರಲ್ಲಿ ಹೋದರೆ ರಾಜ್ಯ, ಇನ್ನೊಂದರಲ್ಲಿ ಹೋದರೆ ರಾಕ್ಷಸ. ಮೂರನೆಯದರ ಕಥೆ ಬರುವಷ್ಟರಲ್ಲಿ ಅಜ್ಜಿಗೆ ನಿದ್ದೆ ಬಂದುಬಿಡುತ್ತಿತ್ತು. ಮೊಮ್ಮಗಳು ಸೆರಗು ಜಗ್ಗಿ ಎಬ್ಬಿಸುತ್ತಿದ್ದಳು. "ಅಜ್ಜೀ, ಅವನು ಆ ಕಡೆ ಹೋಗಿದ್ರೆ?" ಅಜ್ಜಿ ಬೈಯದೆ ರಾಜಕುಮಾರನನ್ನು ಮತ್ತೆ ಕವಲಿಗೆ ತಂದು ನಿಲ್ಲಿಸುತ್ತಿದ್ದಳು. ಸತ್ತವನೂ ಎದ್ದು ಬಂದು ನಿಲ್ಲುತ್ತಿದ್ದ.

ಆ ಮೊಮ್ಮಗಳು ಈಗ ಬಟ್ಟೆ ಒಗೆಯುವ ಒಂದು ದೊಡ್ಡ ಕಾರ್ಖಾನೆಯಲ್ಲಿ, ಹೊಸಬರಿಗೆ ಕೆಲಸ ಕಲಿಸುವ ವಿಭಾಗದಲ್ಲಿ ಕೂತು ಸ್ಲೈಡು ಮಾಡುತ್ತಿದ್ದಳು. ಆಸ್ಪತ್ರೆ, ಹೋಟೆಲುಗಳ ಚಾದರಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಮಾತೆತ್ತಿದರೆ ಕಥೆ ಹೇಳುವವಳೆಂದು ಎಲ್ಲರೂ ಅವಳನ್ನು ಕಥೆಪುಟ್ಟಿ ಎಂದೇ ಕರೆಯುತ್ತಿದ್ದರು. ಕೆಲಸ ಕೊಡಿಸಿದವಳು ಚಿಕ್ಕಮ್ಮ. ಕೆಳಗಿನ ಹಾಲ್‌ನಲ್ಲಿ ಚಾದರಗಳನ್ನು ಇಸ್ತ್ರಿಯ ಬಿಸಿ ರೋಲರಿಗೆ ಕೊಡುವ ಕೆಲಸ ಅವಳದು. ಅವಳದಾಗಿತ್ತು. ರೋಲರು ಅವಳ ಬಲಗೈಯನ್ನು ಎಳೆದುಕೊಂಡಿತ್ತು.

ಆಸ್ಪತ್ರೆಯ ಮಂಚದ ಮೇಲೆ, ಬ್ಯಾಂಡೇಜಿನ ಗಂಟನ್ನು ನೋಡುತ್ತ ಚಿಕ್ಕಮ್ಮ ಹೇಳಿದ್ದಳು. "ಚಾದರ ಮುದುಡಿಕೊಂಡು ಸಿಕ್ಕಿತ್ತು ಕಣೇ. ಸೀಟಿಯವರನ್ನ ಕರೆದೆ. ನಿಲ್ಲಿಸ್ಲಾ ಅಂತ ಕೇಳಿದೆ. ಲಾರಿ ಕಾಯ್ತಿದೆ, ನಿಲ್ಲಿಸಬೇಡ, ಕೈಯಲ್ಲೇ ಎಳಿ ಅಂದ್ರು. ಈಗ ನಾನೇ ನೋಡದೆ ಕೈ ಹಾಕ್ದೆ ಅಂತಾರೆ." ಸದಾ ಸೀಟಿ ಊದುತ್ತ ಓಡಾಡುವ ಸೂಪರ್‌ವೈಸರಿಗೆ ಆ ಹೆಸರು ಬಂದು ಎಷ್ಟೋ ಕಾಲವಾಗಿತ್ತು. "ನೀನು ಅದೇನೋ ದಾರಿ ದಾರಿ ಮಾಡಿ ತೋರಿಸ್ತೀಯಲ್ಲ, ಅದರಲ್ಲಿ ನಾನು ಕೇಳಿದ್ದೂ ಒಂದು ದಾರಿ ಮಾಡು. ಮಾಡಿ ನನಗೂ ತೋರಿಸು."

"ಮಾಡ್ತೀನಿ ಚಿಕ್ಕಮ್ಮ."

"ನಿನ್ನಜ್ಜಿ ಥರ ಅರ್ಧಕ್ಕೆ ನಿದ್ದೆ ಹೋಗ್ಬೇಡ ಮತ್ತೆ."

ಮಾತು ಕೊಟ್ಟಾಗಿತ್ತು. ಕೊಟ್ಟದ್ದು ಬರೀ ಮಾತೂ ಅಲ್ಲ. ವಿಚಾರಣೆ ಇನ್ನೂ ಮುಗಿದಿರಲಿಲ್ಲ. ಅವತ್ತು ಹಾಲ್‌ನಲ್ಲಿದ್ದವರು ಒಬ್ಬರಾದರೂ "ಹೌದು, ಅವಳು ಕೇಳಿದ್ದಳು" ಅಂದರೆ ಚಿಕ್ಕಮ್ಮನ ಮೇಲಿನ ತಪ್ಪು ಇಳಿಯುತ್ತಿತ್ತು. ಒಂದೇ ಕೈಯಲ್ಲಿ ಮಾಡುವ ಯಾವುದಾದರೂ ಕೆಲಸ ಅವಳಿಗಾಗಿ ಉಳಿಯುತ್ತಿತ್ತು. ಇಷ್ಟರವರೆಗೆ ಯಾರೂ ಬಾಯಿ ಬಿಟ್ಟಿರಲಿಲ್ಲ.

ಕಥೆಪುಟ್ಟಿ ಕವಲು ಕಟ್ಟಿದಳು. ಮೊದಲ ಸ್ಲೈಡಿನಲ್ಲಿ ಪ್ರಶ್ನೆ: ರೋಲರಿನ ಬಾಯಲ್ಲಿ ಚಾದರ ಸಿಕ್ಕಿದೆ, ಏನು ಮಾಡುತ್ತೀರಿ? ಕೆಳಗೆ ಮೂರು ಬಟನ್: ಯಂತ್ರ ನಿಲ್ಲಿಸುವೆ, ಕೈಯಲ್ಲಿ ಎಳೆಯುವೆ, ಸೂಪರ್‌ವೈಸರಿಗೆ ಹೇಳುವೆ. ಒಂದೊಂದು ಬಟನ್ನಿಗೂ ಲಿಂಕ್ ಕೊಟ್ಟು ಅದರದರ ಫಲದ ಸ್ಲೈಡಿಗೆ ಜೋಡಿಸಿದಳು. ಪ್ರತಿ ಫಲದ ಕೆಳಗೂ 'ಕವಲಿಗೆ ವಾಪಸ್' ಎಂಬ ಬಟನ್ ಇಟ್ಟಳು. ಖಾಲಿ ಜಾಗದಲ್ಲಿ ಮೌಸ್ ಒತ್ತಿದವರು ಆಯ್ಕೆಯನ್ನೇ ಮಾಡದೆ ಮುಂದಿನ ಸ್ಲೈಡಿಗೆ ಜಾರಿಬಿಡುತ್ತಾರೆಂದು, ಕ್ಲಿಕ್ಕಿಗೆ ಮುಂದೆ ಹೋಗುವ ಟಿಕ್ಕನ್ನು ಎಲ್ಲ ಸ್ಲೈಡಿನಲ್ಲೂ ತೆಗೆದಳು.

ಮೂರನೆಯ ದಾರಿಯಲ್ಲಿ ಬರೆದಳು: 'ಸೂಪರ್‌ವೈಸರ್ ಹೇಳುತ್ತಾರೆ, ನಿಲ್ಲಿಸಬೇಡ, ಲಾರಿ ಕಾಯ್ತಿದೆ, ಕೈಯಲ್ಲೇ ಎಳಿ. ಕೈ ತಾಗಿದರೆ ರೋಲರ್ ನಿಲ್ಲಿಸುವ ಪಟ್ಟಿಯನ್ನು ಪದೇ ಪದೇ ನಿಲ್ಲುತ್ತದೆಂದು ಮೇಲೆತ್ತಿ ಕಟ್ಟಲಾಗಿದೆ.' ಅದರಡಿ ಇನ್ನೆರಡು ಕವಲು. ಎಳೆದರೆ ಕೈ ಹೋಯಿತು. ಎಳೆಯದಿದ್ದರೆ ಕೈ ಉಳಿಯಿತು, ನಾಳೆಯಿಂದ ಕೆಲಸಕ್ಕೆ ಬರಬೇಡಿ.

ಮ್ಯಾನೇಜರ್ ಸಾಹೇಬರು ಕನ್ನಡಕ ಹಣೆಗೇರಿಸಿ ಓದಿದರು. "ಏನಮ್ಮ ಇದು, ತರಬೇತಿನಾ ದೂರಾ? ಈ ಮೂರನೇದು, ಅದರ ಬಾಲ ಎರಡು, ಎಲ್ಲಾ ಹೈಡ್ ಮಾಡು."

"ಅಳಿಸ್ಲಾ ಸರ್?"

"ಬೇಡ, ಬೇಡ. ವಕೀಲ್ರು ಒಂದ್ಸಲ ನೋಡ್ಲಿ. ಸದ್ಯಕ್ಕೆ ಹೈಡ್."

ಮಾಡಿದಳು. ಬದಿಯ ಪುಟ್ಟ ಚಿತ್ರಗಳಲ್ಲಿ ಆ ಸ್ಲೈಡುಗಳ ಅಂಕಿಗಳ ಮೇಲೆ ಅಡ್ಡಗೆರೆ ಬಿತ್ತು. ಸಾಹೇಬರು ಬಾಣದ ಕೀಲಿ ಒತ್ತುತ್ತ ಮೊದಲಿಂದ ಕೊನೆಯವರೆಗೆ ಹೋದರು. ಮೂರನೆಯ ದಾರಿ ಎಲ್ಲೂ ಕಾಣಲಿಲ್ಲ. "ಹಾಂ, ಈಗ ಲಕ್ಷಣವಾಗಿದೆ" ಅಂದು ಎದ್ದರು.

ಹೈಡ್ ಮಾಡಿದ ಸ್ಲೈಡು ಸಾಲಿನಲ್ಲಿ ನಡೆಯುವವರಿಗೆ ಮಾತ್ರ ಕಾಣುವುದಿಲ್ಲ, ಲಿಂಕ್ ಹಿಡಿದು ಬಂದವರಿಗೆ ಬಾಗಿಲು ತೆರೆದೇ ಇರುತ್ತದೆ. ಸಾಹೇಬರಿಗೆ ಇದು ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಆ ಬಟನ್ನಿನ ಲಿಂಕನ್ನು ತೆಗೆಯಲು ಚಿಟಿಕೆ ಹೊಡೆಯುವಷ್ಟು ಹೊತ್ತೂ ಬೇಡ. ಮೌಸ್ ಹಿಡಿದ ಕೈ ಅಲ್ಲೇ ನಿಂತಿತು. ಆಮೇಲೆ ಲಿಂಕ್ ತೆಗೆಯದೆಯೇ ಫೈಲ್ ಮುಚ್ಚಿದಳು.

ಅಪಘಾತವಾಗಿದ್ದರಿಂದ ಈ ಸಲ ಹಳಬರಿಗೂ ಸೇರಿಸಿ ತರಬೇತಿ ಕ್ಯಾಂಟೀನಿನಲ್ಲಿ ನಡೆಯಿತು. ಬೆಂಚುಗಳ ತುಂಬ ಸೋಪಿನ ವಾಸನೆಯ ಹೆಂಗಸರು. ಗೋಡೆಗೆ ಒರಗಿ ಸೀಟಿ. ಸಾಹೇಬರು ಮುಂದಿನ ಸಾಲಿನತ್ತ ಕೈ ಮಾಡಿದರು. "ಬನ್ನಿ ಅಮ್ಮ, ನೀವೇ ಆರಿಸಿ."

ಎದ್ದು ಬಂದವಳು ಚಿಕ್ಕಮ್ಮನ ಜೊತೆಗಾತಿ. ಅದೇ ಚಾದರದ ಇನ್ನೊಂದು ಮೂಲೆ ಹಿಡಿದು ನಿಂತಿದ್ದವಳು.

"ಇಲಿ ಕಚ್ಚಲ್ಲ, ಒತ್ತಕ್ಕಾ!" ಹಿಂದಿನಿಂದ ಯಾರೋ ಕೂಗಿದರು. ನಗು ಎದ್ದಿತು.

"ಸೂಪರ್‌ವೈಸರಿಗೆ ಹೇಳಬೇಕು ತಾನೆ ಸರ್?" ಎನ್ನುತ್ತ ಅವಳು ಮೂರನೆಯದನ್ನು ಒತ್ತಿದಳು.

ಗೋಡೆಯ ಮೇಲೆ ಸೀಟಿಯ ಮಾತು ದೊಡ್ಡ ಅಕ್ಷರಗಳಲ್ಲಿ ಬಿಚ್ಚಿಕೊಂಡಿತು. ನಗು ಕತ್ತರಿಸಿದ ಹಾಗೆ ನಿಂತಿತು. ಜೊತೆಗಾತಿಯ ತುಟಿ ಅಲುಗಿತು. ಈಗ ಹೇಳುತ್ತಾಳೆ, ಈಗ, ಎಂದುಕೊಂಡಳು ಕಥೆಪುಟ್ಟಿ. ಸೀಟಿ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದ. ನೋಟ ತಾಗಿದಲ್ಲೆಲ್ಲ ತಲೆಗಳು ತಗ್ಗಿದವು.

"ಹಿಂದಕ್ಕೆ ಹೋಗಮ್ಮಾ, ಊಟಕ್ಕೆ ಹೊತ್ತಾಯ್ತು" ಎಂದಿತು ಒಂದು ದನಿ.

ಜೊತೆಗಾತಿ ಕಣ್ಣೆತ್ತದೆ 'ಕವಲಿಗೆ ವಾಪಸ್' ಒತ್ತಿದಳು. ಆಮೇಲೆ 'ಯಂತ್ರ ನಿಲ್ಲಿಸುವೆ' ಒತ್ತಿದಳು. ಹಸಿರು ಅಕ್ಷರದಲ್ಲಿ 'ಸರಿಯಾದ ಆಯ್ಕೆ' ಎಂದು ಬಂತು. ಸಾಹೇಬರು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು.

"ಕಂಪ್ಯೂಟರಿನ ತಪ್ಪು, ಅಲ್ವಾ?" ಕ್ಯಾಂಟೀನು ಖಾಲಿಯಾದ ಮೇಲೆ ಸಾಹೇಬರು ಮೆಲ್ಲಗೆ ಕೇಳಿದರು. ಪಕ್ಕದಲ್ಲೇ ಸೀಟಿ ನಿಂತಿದ್ದ.

ಅಲ್ಲ ಎನ್ನುವುದು ಗಂಟಲವರೆಗೆ ಬಂತು. ತಂಗಿಯ ಫೀಸು, ಚಿಕ್ಕಮ್ಮನ ಔಷಧಿ, ಎಲ್ಲವೂ ಅದರ ಹಿಂದೆಯೇ ಬಂದವು. "ಹೌದು ಸರ್" ಅಂದಳು. ಅವರ ಕಣ್ಣೆದುರೇ ಮೂರು ಸ್ಲೈಡುಗಳನ್ನು ಅಳಿಸಿದಳು. ಮೂರನೆಯ ಬಟನ್ನಿಗೆ 'ಸರಿಯಾದ ಆಯ್ಕೆ'ಯ ಲಿಂಕ್ ಕೊಟ್ಟಳು. 'ಕೈಯಲ್ಲಿ ಎಳೆಯುವೆ' ಒತ್ತಿದವರಿಗೆ ಬರುವ ಸ್ಲೈಡಿನಲ್ಲಿ, ಸಾಹೇಬರು ಹೇಳಿಕೊಟ್ಟ ಹಾಗೆ, 'ಅಜಾಗರೂಕತೆ' ಎಂದು ಟೈಪು ಮಾಡಿದಳು. ಅದೇ ವಾರ ವಿಚಾರಣೆಯೂ ಅದೇ ಪದದಲ್ಲಿ ಮುಗಿಯಿತು.

ಭಾನುವಾರ ಮಧ್ಯಾಹ್ನ ಚಿಕ್ಕಮ್ಮನ ಮನೆಗೆ ಹೋದಳು. ಜೊತೆಗೆ ಒಯ್ದಿದ್ದ ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಮೊದಲ ಪ್ರತಿ ಉಳಿದಿತ್ತು. ಮೊಂಡಾದ ಬಲತೋಳನ್ನು ಮಡಿಲಲ್ಲಿಟ್ಟುಕೊಂಡು ಚಿಕ್ಕಮ್ಮ ಪಕ್ಕಕ್ಕೆ ಸರಿದು ಕೂತಳು.

"ತೋರಿಸಿದ್ಯಾ ಅಲ್ಲಿ?"

"ತೋರಿಸ್ದೆ. ಯಾರೂ ಮಾತಾಡ್ಲಿಲ್ಲ."

"ಅವಳೂ?"

"ಅವಳೂ."

ಚಿಕ್ಕಮ್ಮ ತಲೆದೂಗಿದಳು. "ಪಾಪ, ಅವಳಿಗೂ ಮಕ್ಕಳಿವೆ." ಎಡಗೈಯಲ್ಲಿ ಮೌಸ್ ಹಿಡಿದಳು. ಬಾಣ ಪರದೆಯ ತುಂಬ ತಡವರಿಸಿ ಕೊನೆಗೂ ಮೂರನೆಯ ಬಟನ್ ತಲುಪಿತು. ಸ್ಲೈಡು ತೆರೆಯಿತು. ತುಟಿ ಅಲುಗಿಸುತ್ತ ನಿಧಾನಕ್ಕೆ ಓದಿದಳು. "ಹೂಂ. ಹೀಗೇ ಅಂದಿದ್ದು."

ಮುಂದಿನ ಕವಲಿನಲ್ಲಿ ಅವಳು 'ಎಳೆಯುವುದಿಲ್ಲ' ಒತ್ತಿದಳು. 'ನಿಮ್ಮ ಕೈ ಉಳಿಯಿತು. ನಾಳೆಯಿಂದ ಕೆಲಸಕ್ಕೆ ಬರಬೇಡಿ.' ಅದರ ಮೇಲೆ ಕಥೆಪುಟ್ಟಿ ಎರಡು ಅಂಗೈಗಳ ಚಿತ್ರ ಬಿಡಿಸಿದ್ದಳು. ಚಿಕ್ಕಮ್ಮ ಅದರಲ್ಲಿ ಬಲ ಅಂಗೈಯ ಮೇಲೆ ಬೆರಳಿಟ್ಟಳು.

"ಹೇಗೂ ಕೆಲಸ ಹೋಯ್ತಲ್ಲೇ" ಎಂದಳು. ಆಮೇಲೆ ಕೆಳಗಿನ 'ಕವಲಿಗೆ ವಾಪಸ್' ಬಟನ್ನಿನ ಕಡೆ ಗದ್ದದಿಂದ ಸನ್ನೆ ಮಾಡಿದಳು. "ಅದೊಂದನ್ನ ತೆಗಿ. ಇಲ್ಲಿಂದ ವಾಪಸ್ ಹೋಗೋದು ಬೇಡ ನಂಗೆ."

ಕಥೆಪುಟ್ಟಿ ಬಟನ್ನನ್ನು ಅಳಿಸಿದಳು. ಫೈಲನ್ನು ಸೇವ್ ಮಾಡಿ, ಆ ಸ್ಲೈಡನ್ನು ಮತ್ತೆ ಪರದೆಯ ತುಂಬ ಬಿಡಿಸಿಟ್ಟಳು.