ಗೌರಿ ಹಬ್ಬದವರೆಗಿನ ಪಾಲುಗಾರಿಕೆ

ಚೀಟಿ ತಂದವನು ಬೈರಕೂರಿನಿಂದ ಸಂತೆಗೆ ತರಕಾರಿ ಹಾಕೋ ಮುನಿಯಲ್ಲಪ್ಪ. ಬದನೆಕಾಯಿ ಮೂಟೆ ಇಳಿಸಿ ಬಂದ ಕೈಯಲ್ಲೇ ಕೊಟ್ಟ. ನಾನು ಆಗ ತಾನೇ ಒಬ್ಬ ದಪ್ಪ ಕೈಯ ಹೆಂಗಸಿಗೆ ಸೋಪಿನ ನೀರು ಹಚ್ಚಿ ಬಳೆ ಏರಿಸಿ, ನನ್ನ ಹೆಬ್ಬೆರಳು ತಿಕ್ಕಿಕೊಳ್ಳುತ್ತ ಕೂತಿದ್ದೆ. ಮುಳಬಾಗಿಲಿನ ಪೇಟೆಯಲ್ಲಿ ಬಳೆ ಅಂಗಡಿ ಅಂದರೆ ಎಲ್ಲರಿಗೂ ಬಣ್ಣ ಕಾಣುತ್ತೆ. ನನಗೆ ಕಾಣೋದು ನೋಯೋ ಮಣಿಕಟ್ಟು.

“ಪ್ರೀತಿಯ ದಿಲ್ಷಾದ್‌ಗೆ, ಹೈಸ್ಕೂಲಿನಲ್ಲಿ ನಿನ್ನ ಪಕ್ಕ ಕೂರುತ್ತಿದ್ದ ಭಾರತಿ ಬರೆಯೋದು. ನಿನಗೆ ಹಳ್ಳಿ ತಿರುಗಲು ಆಗುತ್ತಿಲ್ಲ ಎಂದು ಕೇಳಿದೆ. ನನಗೆ ಈ ಹೋಬಳಿಯ ಮನೆಗಳೆಲ್ಲ ಗೊತ್ತು. ಬಳೆ ನೀನು ಕೊಡು, ತಿರುಗೋದು ನಾನು. ಉಳಿದದ್ದು ವಾಪಸ್ಸು, ಒಡೆದದ್ದು ನನ್ನ ಲೆಕ್ಕಕ್ಕೆ, ಲಾಭದಲ್ಲಿ ಸಮಪಾಲು. ಗೌರಿ ಹಬ್ಬದವರೆಗೆ ಮಾತ್ರ ನೋಡೋಣ. ಸರಿಹೋಗದಿದ್ದರೆ ಬೇಸರವಿಲ್ಲದೆ ಬಿಟ್ಟುಬಿಡೋಣ. ಅಣ್ಣನ ಮನೆಯಲ್ಲಿ ಊಟಕ್ಕೇನೂ ಕಡಿಮೆಯಿಲ್ಲ. ಆದರೆ ಅತ್ತಿಗೆ ತಟ್ಟೆ ಇಡುವ ಸದ್ದು ಕೇಳಿದರೆ ಅನ್ನ ಇಳಿಯೋದಿಲ್ಲ.”

ಓದಿ ನನಗೆ ಸಿಟ್ಟು ಬಂತು. ಅಯ್ಯೋ ಅನ್ನಿಸೋದಕ್ಕೆ ಮುಂಚೆ ಸಿಟ್ಟೇ ಬಂತು. ಎರಡು ವರ್ಷದ ಹಿಂದೆ ಭಾರತಿಯ ಗಂಡ ತೀರಿಹೋಗಿದ್ದ. ಮುತ್ತೈದೆಯರಿಗೆ ಬಳೆ ತೊಡಿಸೋಕೆ ಹೊರಟಿದ್ದಾಳಲ್ಲ ಇವಳು, ಲೋಕ ಗೊತ್ತಿಲ್ಲವೇ? ಹಾಗಂತ ನಾನು ಬರೆದು ತಿಳಿಸೋದು ಹೇಗೆ? “ನೀನು ವಿಧವೆ, ಬೇಡ” ಅಂತ ಬರೆಯೋಕೆ ನನಗೆ ಮನಸ್ಸೂ ಬರಲಿಲ್ಲ, ಕೈಯೂ ಬರಲಿಲ್ಲ. ಬಾ ಅಂತ ಹೇಳಿ ಕಳಿಸಿದೆ.

ಬಂದಳು. ಲೆಕ್ಕದಲ್ಲಿ ಯಾವಾಗಲೂ ಚುರುಕು. ಅಳತೆ ಕಲಿಯೋಕೆ ಅವಳಿಗೆ ಒಂದು ಬೆಳಗ್ಗೆ ಸಾಕಾಯಿತು. ಕೈ ಮುಟ್ಟಿಯೂ ನೋಡದೆ ಬೆರಳ ಗೆಣ್ಣು ನೋಡಿಯೇ ಅಳತೆ ಹೇಳುತ್ತಿದ್ದಳು. ಡಜನ್ ಡಜನ್ ದಾರಕ್ಕೆ ಪೋಣಿಸಿ, ಬುಟ್ಟಿಗೆ ಹುಲ್ಲು ಹಾಸಿ, ಬೈರಕೂರಿನ ಬಸ್ಸು ಹತ್ತಿದಳು.

ಸಂಜೆ ಬುಟ್ಟಿ ಹೋದ ಹಾಗೇ ಬಂತು. ಒಂದು ಬಳೆಯೂ ಒಡೆದಿರಲಿಲ್ಲ, ಒಂದೂ ಮಾರಿರಲಿಲ್ಲ.

“ಯಾರೂ ಬೈಲಿಲ್ಲ ಕಣೇ,” ಅಂದಳು. “ನೀರು ಕೊಟ್ರು, ಕೂತ್ಕೋ ಅಂದ್ರು. ದೊಡ್ಡಮುನಿಯಮ್ಮ ಇದಾರಲ್ಲ, ನಮ್ಮ ಅತ್ತೆ ಕಡೆಯೋರು. ಬಳೆ ಚೆನ್ನಾಗವೆ, ತೊಡ್ಸೋಕೆ ಮಾತ್ರ ದಿಲ್ಷಾದಮ್ಮನ್ನೇ ಕಳ್ಸು ಅಂದ್ರು.”

ಸೌಟಿಗೆ ಬೆಲ್ಲ ಸವರಿ ಹೊಡೆಯೋದು ಅಂದರೆ ಇದು. ನಾನೂ ವಿಧವೆಯೇ. ನನ್ನ ಯಜಮಾನರು ಹೋಗಿ ನಾಲ್ಕು ವರ್ಷ, ಅವತ್ತಿಂದ ನನ್ನ ಕೈಯಲ್ಲಿ ಗಾಜಿನ ಬಳೆ ಇಲ್ಲ. ಆದರೂ ಆ ದೊಡ್ಡಮುನಿಯಮ್ಮನ ಸೊಸೆಯರಿಗೆ, ನೆಂಟರಿಗೆ, ಬಸುರಿಯರಿಗೆ, ಮದುವಣಗಿತ್ತಿಯರಿಗೆ ಬಳೆ ತೊಡಿಸಿದವಳು ನಾನೇ. ತೊಡಿಸಿ, ಶುಭಕ್ಕೆ ಅಂತ ಮೇಲೊಂದು ಬಳೆ ಹೆಚ್ಚಿಗೆ ಏರಿಸಿದರೆ ನನಗೆ ಕೈ ಮುಗಿಯುತ್ತಾರೆ. ಒಮ್ಮೆ ನಾನೇ ಆ ಮುದುಕಿಯನ್ನು ಕೇಳಿದ್ದೆ, ನನ್ನ ಗಂಡ ಇಲ್ಲವಲ್ಲ ತಾಯಿ ಅಂತ. “ನೀದಿ ವೇರೇ ಅಮ್ಮಾ,” ಅಂದಿದ್ದಳು ತೆಲುಗಿನಲ್ಲಿ, “ನಿಂದು ಬೇರೆ, ನಿಂದು ಕಸುಬು.” ನನ್ನ ಗಂಡ ಸತ್ತದ್ದು ಅವರ ಲೆಕ್ಕಕ್ಕೇ ಇಲ್ಲ. ಅದು ನನ್ನ ಪುಣ್ಯವೋ ಅವಮಾನವೋ ನನಗೆ ಇನ್ನೂ ತಿಳಿದಿಲ್ಲ.

“ಸರಿ,” ಅಂದೆ. “ಹಳ್ಳಿಗೆ ನಾನೇ ಹೋಗ್ತೀನಿ. ನೀನು ಅಂಗ್ಡೀಲಿ ಕೂತ್ಕೋ. ಇಲ್ಲಿ ನಂಗಲಿ ಕಡೆಯೋರು, ಆಂಧ್ರದೋರು, ಎಲ್ಲೆಲ್ಲಿಯೋರೋ ಬರ್ತಾರೆ. ನೀನ್ಯಾರು ಅಂತ ಯಾರಿಗ್ ಗೊತ್ತು? ನಿನ್ನ ಬೋಳು ಹಣೆ ನೋಡಿ ನಮ್ಮ ಸಾಬ್ರೋಳೇ ಅಂದ್ಕೋತಾರೆ.”

ಅವಳು ನಕ್ಕಳು. ಬಂದಮೇಲೆ ಅದೇ ಮೊದಲನೇ ನಗು. “ಹಂಗಾದ್ರೆ ಗೌರಿ ಹಬ್ಬದ ತನ್ಕ ನಾನು ಬೂಬಮ್ಮ,” ಅಂದಳು.

ನನ್ನ ಮಂಡಿ ಬೇಡ ಬೇಡ ಅಂದರೂ ಬುಟ್ಟಿ ಎತ್ತಿಕೊಂಡೆ. ಶ್ರಾವಣದ ಬಿಸಿಲು, ತುಂಬಿದ ಬಸ್ಸು, ನಾಯಿ ಕಾವಲಿನ ಮನೆಗಳು. ಆದರೂ ವ್ಯಾಪಾರ ಆಯಿತು. ಅವಳು ಇಂಥಿಂಥ ಮನೆಯಲ್ಲಿ ಹೆಣ್ಣುಮಕ್ಕಳು ತವರಿಗೆ ಬಂದಿದ್ದಾರೆ ಅಂತ ಹೇಳಿ ಕಳಿಸುತ್ತಿದ್ದಳು, ಒಂದು ಮನೆಯೂ ಸುಳ್ಳಾಗುತ್ತಿರಲಿಲ್ಲ. ಈ ಪಾಲುಗಾರಿಕೆ ನಿಲ್ಲುತ್ತೆ ಅಂತ ನನಗೆ ಆಸೆ ಹುಟ್ಟಿತು. ಒಬ್ಬಳೇ ಎಳೆದು ಎಳೆದು ನಾನೂ ಸೋತಿದ್ದೆ.

ಅಂಗಡಿಯ ವ್ಯಾಪಾರ ಮಾತ್ರ ಬರಬರುತ್ತ ಇಳಿಯಿತು. ಹೊಸಬಳು, ಕೈ ಕುದುರಲಿ ಅಂತ ಸುಮ್ಮನಿದ್ದೆ. ಒಂದು ದಿನ ಮಂಡಿ ಊದಿಕೊಂಡು ಅರ್ಧ ದಾರಿಗೇ ಹಿಂದಿರುಗಿದೆ. ಅಂಗಡಿಯ ಬೆಂಚಿನ ಮೇಲೆ ಒಬ್ಬಳು ತುಂಬು ಬಸುರಿ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಅವಳ ಅಕ್ಕ ಮುಖ ಗಂಟು ಹಾಕಿಕೊಂಡಿದ್ದಳು. ಹಸಿರು ಬಳೆ ಆರಿಸಿ, ಅಳತೆ ನೋಡಿ, ಒರೆಸಿ ಇಟ್ಟಾಗಿತ್ತು.

“ನೀವೇನಾ ದಿಲ್ಷಾದಮ್ಮ?” ಅಂದಳು ಅಕ್ಕ. “ಎಷ್ಟೊತ್ತಿಂದ ಕೂರ್ಸವ್ರೆ. ಅವ್ರು ಬರ್ಲಿ, ಅವ್ರೇ ತೊಡಿಸ್ಬೇಕು ಅಂತಾರೆ ಈ ಬೂಬಮ್ಮ. ನಮ್ ಮುಂದೆ ಕೂತಿದ್ದೋರು ಎದ್ದು ಎದುರಂಗ್ಡಿಗೆ ಹೋದ್ರು.”

ಭಾರತಿ ತಲೆ ಎತ್ತಲಿಲ್ಲ. ನನಗೆ ತಿಳಿಯಿತು. ಇಷ್ಟು ದಿನವೂ ಬರೀ ಬಳೆ ಕಟ್ಟಿಕೊಟ್ಟಿದ್ದಾಳೆ, ಒಬ್ಬರ ಕೈಯನ್ನೂ ಹಿಡಿದಿಲ್ಲ. ಅವಳನ್ನು ಹಿಂದಕ್ಕೆ ಕರೆದುಕೊಂಡು ಹೋಗಿ ಕೇಳಿದೆ.

“ಯಾರಾದ್ರೂ ಏನಾದ್ರೂ ಅಂದ್ರೇನೇ?”

“ಇಲ್ಲ. ಎಲ್ರೂ ಕೈ ಚಾಚ್ತಾರೆ ಕಣೇ. ಒಬ್ರಾದ್ರೂ ನೀನ್ಯಾರು ಅಂತ ಕೇಳಿದ್ರೆ ಹೆದರ್ತಿರ್ಲಿಲ್ಲ. ಕೇಳ್ದೆ ಚಾಚ್ತಾರಲ್ಲ, ಅದೇ ಭಯ.”

“ಏನ್ ಭಯ?”

“ಆ ಹುಡುಗೀಗೆ ನಾಳೆ ಏನಾದ್ರೂ ಆದ್ರೆ?”

“ನಾನು ಎಷ್ಟು ಜನಕ್ಕೆ ತೊಡಿಸಿದೀನಿ! ನಾನೂ ಗಂಡ ಸತ್ತೋಳೇ ಅಲ್ವಾ? ಯಾರಿಗ್ ಏನಾಯ್ತು?”

“ನಿಂದು ಬೇರೆ ಕಣೇ ದಿಲ್ಷಾದ್,” ಅಂದಳು.

ದೊಡ್ಡಮುನಿಯಮ್ಮ ಇದೇ ಮಾತು ಅಂದಾಗ ನೋಯದಿದ್ದ ಜಾಗ ಈಗ ನೊಂದಿತು. ಒಂದೇ ಬೆಂಚಿನಲ್ಲಿ ಕೂತು, ನನ್ನ ಡಬ್ಬಿಯ ಖಾರ ತಿಂದವಳು. ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದು ಆ ಬಸುರಿಯ ಮುಂದೆಯೇ ಹೇಳಿಬಿಟ್ಟೆ.

“ನೋಡಮ್ಮ, ನಂಗೂ ಗಂಡ ಇಲ್ಲ, ಇವ್ಳಿಗೂ ಇಲ್ಲ. ಇವ್ಳು ನಮ್ಮ ಜಾತಿಯೋಳಲ್ಲ, ನಿಮ್ಮೋಳೇ. ಯಾರ್ ಕೈಲಿ ತೊಡಿಸ್ಕೋತೀಯಾ, ನೀನೇ ಹೇಳು.”

ಅಕ್ಕ ಬಾಯಿ ತೆರೆದಳು. ಹುಡುಗಿ ಅವಳಿಗೆ ಮಾತಾಡಲು ಬಿಡಲಿಲ್ಲ. ಸೊಂಟ ಹಿಡಿದುಕೊಂಡು ನೆಟ್ಟಗೆ ಕೂತಳು.

“ಯಾರಾದ್ರೂ ತೊಡಿಸ್ರಮ್ಮ. ಸಾಕಾಗೋಯ್ತು, ಬಸ್ಸು ಬೇರೆ ಹೊರಟೋಯ್ತದೆ,” ಅಂದಳು. ಹತ್ತಿರ ನಿಂತಿದ್ದವಳು ಭಾರತಿ. ಹುಡುಗಿ ಅವಳ ಕಡೆಗೇ ಕೈ ಚಾಚಿದಳು.

ಊರೆಲ್ಲ ಬೇಡ ಅಂದಿದ್ದನ್ನು ಆ ಹುಡುಗಿ ಬೇಕು ಅಂದಿದ್ದಳು. ನಾನು ಹಸಿರು ಬಳೆಯ ಕಟ್ಟು ಬಿಚ್ಚಿ ಭಾರತಿಯ ಮುಂದೆ ಹಿಡಿದೆ. ತಗೋ, ತಗೋ ಅಂತ ನನ್ನ ಜೀವವೆಲ್ಲ ಅನ್ನುತ್ತಿತ್ತು. ಭಾರತಿ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು. ತಲೆ ಅಲ್ಲಾಡಿಸಿದಳು. ಕಣ್ಣಿಂದ ನೀರು ಇಳಿದರೂ ಒರೆಸೋಕೆ ಕೈ ಹೊರಗೆ ತೆಗೆಯಲಿಲ್ಲ.

ಚಾಚಿದ ಕೈಯನ್ನು ಎಷ್ಟು ಹೊತ್ತು ಹಾಗೇ ಬಿಡೋದು? ಕೂತು ನಾನೇ ತೊಡಿಸಿದೆ. ಹುಡುಗಿ ನನಗೆ ಕೈ ಮುಗಿದು, ಅಕ್ಕನ ಭುಜ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ಹೊರಟಳು.

ನಾಳೆಯಿಂದ ಬರಬೇಡ ಅಂತ ನಾನು ಹೇಳಲಿಲ್ಲ. ಹಬ್ಬ ಇನ್ನೂ ದೂರವಿತ್ತು. ಅವಳು ಉಳಿದ ಬಳೆಯನ್ನೆಲ್ಲ ಅಳತೆ ಪ್ರಕಾರ ಜೋಡಿಸಿ, ಬೆಂಚು ಒರೆಸಿ, ಅಣ್ಣನ ಮನೆಗೆ ಹೋಗುವ ಬಸ್ಸಿಗೆ ಎದ್ದಳು.

“ಬೇಸರ ಮಾಡ್ಕೋಬೇಡ ಕಣೇ. ಊರೋರು ಬೇಡ ಅಂದಾಗ ಜಗಳ ಆಡ್ಬೋದಿತ್ತು,” ಅಂದಳು. “ನನ್ ಕೈ ಜೊತೆ ಹೆಂಗ್ ಆಡ್ಲಿ?”