ಮಾಸ್ತರ ಪಿಂಚಣಿ ಬಾರದ ತಿಂಗಳು

ಬಸವಂತಮ್ಮನಿಗೆ ಎರಡು ಪಿಂಚಣಿ. ಒಂದು ಆಕೆಯದೇ, ದೇವದುರ್ಗದ ಸುತ್ತಿನ ಹಳ್ಳಿಗಳಲ್ಲಿ ಸರ್ಕಾರಿ ನರ್ಸಾಗಿ ಹೆರಿಗೆ ಮಾಡಿಸುತ್ತ ತಲೆ ಬೆಳ್ಳಗಾಗಿಸಿಕೊಂಡದ್ದಕ್ಕೆ ಬರುವುದು. ಇನ್ನೊಂದು ತೀರಿಹೋದ ಗಂಡ ಮಹಾಂತಯ್ಯ ಮಾಸ್ತರ ಹೆಸರಿನ ಕುಟುಂಬ ಪಿಂಚಣಿ. ಎರಡಕ್ಕೂ ಮಾನ್ವಿಯ ಒಂದೇ ಬ್ಯಾಂಕು, ಪಾಸ್‌ಬುಕ್ಕು ಮಾತ್ರ ಬೇರೆ ಬೇರೆ. ಹಟ ಹಿಡಿದು ಹಾಗೆ ಮಾಡಿಸಿಕೊಂಡವಳು ಆಕೆಯೇ.

ತನ್ನ ಪಿಂಚಣಿಯಲ್ಲಿ ಊಟ, ಔಷಧ, ಸೀರೆ. ಮಾಸ್ತರ ಪಿಂಚಣಿಯಲ್ಲಿ ಪ್ರತಿ ಅಮಾವಾಸ್ಯೆಗೆ ಕುರ್ಡಿಯ ಮಠಕ್ಕೆ ದಾಸೋಹದ ಅಕ್ಕಿ. ಮಾಸ್ತರು ಆ ಊರಿನ ಶಾಲೆಯಲ್ಲಿ ಕಲಿಸುತ್ತಿದ್ದಾಗ ಪಗಾರ ಕೈಗೆ ಬಂದೊಡನೆ ಮೊದಲು ತೆಗೆದಿಡುತ್ತಿದ್ದದ್ದೇ ಆ ಅಕ್ಕಿಯ ದುಡ್ಡು. ಪಂಕ್ತಿ ಕೂರುವ ಮುಂಚೆ ಮೈಕಿನಲ್ಲಿ “ಇವತ್ತಿನ ಅಕ್ಕಿ ಮಹಾಂತಯ್ಯ ಮಾಸ್ತರ ಪಗಾರದ್ದು” ಎಂದು ಹೇಳುತ್ತಿದ್ದರು. ಅವರು ಹೋದ ಮೇಲೂ ಹಾಗೇ ಹೇಳುತ್ತಾರೆ, ಯಾಕೆಂದರೆ ಅದು ಅವರ ದುಡ್ಡೇ. ಬೇರೆ ಹಣ ಹಾಕಿ ಅವರ ಹೆಸರು ಹೇಳಿಸುವುದು ಬಸವಂತಮ್ಮನ ಲೆಕ್ಕದಲ್ಲಿ ಶುದ್ಧ ಸುಳ್ಳು. ಈ ವಿಷಯದಲ್ಲಿ ಆಕೆ ಬಲು ಖಡಕ್ಕು.

ಅಂಥದ್ದರಲ್ಲಿ ಡಿಸೆಂಬರಿನ ಪಿಂಚಣಿ ಆಕೆಯದು ಬಂತು, ಮಾಸ್ತರದು ಬರಲಿಲ್ಲ. ಹೊಸ ವರ್ಷ ಶುರುವಾಗಿ ವಾರ ಕಳೆದರೂ ಬರಲಿಲ್ಲ. ಅಮಾವಾಸ್ಯೆ ಹತ್ತಿರವಾಗುತ್ತಿತ್ತು.

ಆಕೆ ಇರುವುದು ಪೋತ್ನಾಳದಲ್ಲಿ, ಮೈದುನ ಕೊಟ್ರೇಶನ ತುಂಬಿದ ಮನೆಯಲ್ಲಿ. ಕೊಟ್ರೇಶನದು ಕಿರಾಣಿ ಅಂಗಡಿ. ಅಲ್ಲಿ ಬೆಲ್ಲಕ್ಕಿಂತ ಸುದ್ದಿ ಹೆಚ್ಚು ಖರ್ಚಾಗುತ್ತದೆ.

“ವೈನಿ, ಒಬ್ಬರಿಗೆ ಎರಡು ಪಿಂಚಣಿ ಕೊಡೋದು ಬಂದ್ ಮಾಡ್ಯಾರಂತ. ಅಂಗಡಿಗೆ ಬಂದೋರು ಮಾತಾಡಾಕತ್ತಿದ್ರು” ಎಂದ.

“ಅಂಗಡಿಗೆ ಬಂದೋರು ಸರ್ಕಾರ ನಡಸ್ತಾರೇನು?” ಎಂದಳು ಬಸವಂತಮ್ಮ. ಬಾಯಿಗೆ ಹಾಗೆ ಬಂದರೂ ಆ ಮಾತು ತಲೆಯಿಂದ ಹೋಗಲಿಲ್ಲ. ನಿಜವೇ ಆಗಿದ್ದರೆ ಮಾಸ್ತರ ಹೆಸರು ಆ ಮೈಕಿನಿಂದ ಶಾಶ್ವತವಾಗಿ ಇಳಿದಂತೆಯೇ.

ಆ ಮಧ್ಯಾಹ್ನವೇ ಕನ್ನಡಕ ಹಾಕಿಕೊಂಡು ಬ್ಯಾಂಕಿಗೆ ಪತ್ರ ಬರೆಯಲು ಕೂತಳು. ಎರಡೂ ಪಿಂಚಣಿಯ ಆದೇಶ ಸಂಖ್ಯೆ, ಎರಡೂ ಖಾತೆಯ ಸಂಖ್ಯೆ ಮೇಲೆ ಬರೆದು ಕೆಳಗೆ ಶುರುಮಾಡಿದಳು:

“ಮಾನ್ಯರೇ, ನನ್ನ ಸ್ವಂತ ಪಿಂಚಣಿ ಜಮೆಯಾಗಿದೆ. ನನ್ನ ಯಜಮಾನರ ಕುಟುಂಬ ಪಿಂಚಣಿ ಜಮೆಯಾಗಿಲ್ಲ. ನಾನು ಜೀವಂತ ಇರುವುದನ್ನು ನವೆಂಬರಿನಲ್ಲೇ ರಾಯಚೂರಿನ ಸೇವಾ ಕೇಂದ್ರದಲ್ಲಿ ಬೆರಳೊತ್ತಿ ತಿಳಿಸಿದ್ದೇನೆ. ಒಂದು ಪಿಂಚಣಿಗೆ ಬದುಕಿರುವವಳು ಇನ್ನೊಂದಕ್ಕೆ ಹೇಗೆ ಸತ್ತಳು ಎಂಬುದನ್ನು ದಯಮಾಡಿ ಲಿಖಿತವಾಗಿ ತಿಳಿಸಬೇಕು.”

ಓದಿಕೊಂಡಾಗ ತನಗೇ ಸಮಾಧಾನವಾಯಿತು. ಇನ್ನೊಂದು ಪ್ರತಿ ಬರೆದಳು. ಸರ್ಕಾರಿ ನೌಕರಿ ಮಾಡಿದವಳು; ಸ್ವೀಕೃತಿಯ ಮೊಹರು ಬೀಳದ ಕಾಗದ ಕೊಟ್ಟರೆ ಗಾಳಿಗೆ ಕೊಟ್ಟಂತೆ ಎಂದು ಬಲ್ಲಳು.

ಮರುದಿನ ಮಾನ್ವಿಗೆ ಹೋದಳು. ಪಿಂಚಣಿಯ ಟೇಬಲ್ಲಿನಲ್ಲಿ ನಗ್ಮಾ ಎಂಬ ಎಳೆ ವಯಸ್ಸಿನ ಅಧಿಕಾರಿ ಇದ್ದಳು. ಪತ್ರ ಓದುತ್ತ ಓದುತ್ತ ಆಕೆಯ ತುಟಿ ಅಂಚು ಅಲ್ಲಾಡಿತು. ನಗಲಿಲ್ಲ, ಪುಣ್ಯಾತ್ಮಳು. ನಕಲಿಗೆ ಮೊಹರು ಹಾಕಿ ಕೊಟ್ಟು, ಕಂಪ್ಯೂಟರಿನಲ್ಲಿ ಎರಡು ಸಂಖ್ಯೆಗಳನ್ನೂ ಹೊಡೆದು ನೋಡಿದಳು.

“ಕುಂದರ್ರೆಮ್ಮಾ. ಪಿಂಚಣಿ ಬಂದ್ ಆಗಿಲ್ರಿ, ತಡದಾರ ಅಷ್ಟ. ನವೆಂಬರಿನ್ಯಾಗ ನೀವು ಕೊಟ್ಟ ಜೀವಂತ ಪ್ರಮಾಣಪತ್ರ ನಿಮ್ಮ ಸ್ವಂತ ಪಿಂಚಣಿ ನಂಬರಿಗಷ್ಟ ಅದ. ಮಾಸ್ತರ ನಂಬರಿಗೆ ಕೊಟ್ಟೇ ಇಲ್ಲ.”

“ಅಲ್ಲವಾ, ಇರೋದು ಒಂದ ಜೀವ. ಎಷ್ಟು ಸಲ ಹೇಳಬೇಕು?”

“ಎರಡು ಆದೇಶ ಅದಾವಲ್ರೀ, ಎರಡು ಸಲ. ಹೋದ ವರ್ಷ ಇಲ್ಲೇ ಬಂದಿದ್ರಿ, ಎರಡು ಕಾಗದಕ್ಕೂ ಸಹಿ ಮಾಡೀರಿ. ನೋಡ್ರಿ, ಎರಡೂ ಅದಾವ.”

ಬಸವಂತಮ್ಮ ಪರದೆಯತ್ತ ಬಗ್ಗಿ ನೋಡಿದಳು. ಪ್ರತಿ ವರ್ಷ ಬ್ಯಾಂಕಿನವರು ಮುಂದೆ ಇಟ್ಟ ಕಡೆಯೆಲ್ಲ ಸಹಿ ಹಾಕಿ ಬರುತ್ತಿದ್ದಳು. ಈ ಸಲ ಕಣ್ಣಿನ ಆಪರೇಷನ್ನಿಗೆಂದು ರಾಯಚೂರಿನಲ್ಲಿ ತಮ್ಮನ ಮಗಳ ಮನೆಯಲ್ಲಿ ಉಳಿದಿದ್ದಳು, ಅಲ್ಲಿಯೇ ಒಮ್ಮೆ ಬೆರಳೊತ್ತಿ ಕೈ ತೊಳೆದುಕೊಂಡಿದ್ದಳು. ನೌಕರಿಯುದ್ದಕ್ಕೂ ಹುಟ್ಟಿದ ಒಂದು ಕೂಸನ್ನು ರಿಜಿಸ್ಟರಿನಲ್ಲಿ ಒಂದೇ ಸಲ ಬರೆದವಳು. ಎರಡು ಸಲ ಬರೆದರೆ ಮೇಲಿನವರು ಬೈಯುತ್ತಿದ್ದರು. ಒಬ್ಬಳು ಎರಡು ಸಲ ಬದುಕಿರಬೇಕಾದೀತು ಎಂದು ಆಕೆಗೆ ಕನಸಿನಲ್ಲೂ ಹೊಳೆದಿರಲಿಲ್ಲ.

“ಈಗ ಇಲ್ಲೇ ಕೊಡಬಹುದ್ರಿ. ಮುಖ ತೋರಿಸಿದ್ರ ಸಾಕು” ಎಂದು ನಗ್ಮಾ ಫೋನು ತೆಗೆದು ವಿವರ ತುಂಬತೊಡಗಿದಳು. ಒಂದು ಕಡೆ ತಡೆದು, ತಲೆ ತಗ್ಗಿಸಿ ಕೇಳಿದಳು: “ತಪ್ಪು ತಿಳೀಬ್ಯಾಡ್ರಿ, ಕೇಳಲೇಬೇಕು. ಮಾಸ್ತರು ಹೋದ ಮ್ಯಾಲ ಮತ್ತ ಮದುವಿ ಆಗೀರೇನ್ರಿ?”

“ಇಲ್ಲವಾ. ಯಾರೂ ಕೇಳಲಿಲ್ಲ.”

ಈಗ ನಗ್ಮಾ ನಕ್ಕೇಬಿಟ್ಟಳು. ನಗುತ್ತಲೇ ಫೋನನ್ನು ಬಸವಂತಮ್ಮನ ಮುಖದ ಮುಂದೆ ಹಿಡಿದಳು. “ಕನ್ನಡಕ ತಗೀರಿ. ಅಲ್ಲಾಡಬ್ಯಾಡ್ರಿ. ಈಗ ಒಮ್ಮೆ ಕಣ್ಣು ಮಿಟುಕಸ್ರಿ.”

ಪರದೆಯ ದುಂಡನೆಯ ಗೆರೆಯೊಳಗೆ ಬಿಳಿ ತಲೆಯ ಒಂದು ಮುಖ. ತನ್ನದೇ. ಅದನ್ನು ನೋಡುತ್ತ ಬಸವಂತಮ್ಮ ಕಣ್ಣು ಮಿಟುಕಿಸುವುದನ್ನೇ ಮರೆತಳು. ಹುಟ್ಟಿದ ಕೂಸು ಅಳದೆ ಸುಮ್ಮನಿದ್ದಾಗ ಅಂಗಾಲಿಗೆ ತಟ್ಟಿ ತಟ್ಟಿ ಕಾದದ್ದು ನೆನಪಾಯಿತು. ಆಗ ಇಡೀ ಮನೆ ಉಸಿರು ಬಿಗಿಹಿಡಿಯುತ್ತಿತ್ತು. ಒಂದು ಸಣ್ಣ ಕುಂಯ್ ಎಂದರೆ ಸಾಕು, ಗೋಡೆಗಳಿಗೇ ಜೀವ ಬಂದಂತಾಗುತ್ತಿತ್ತು. ಇಂದು ಎಲ್ಲಿಯೋ, ಆಕೆ ಕಾಣದ ಊರಿನಲ್ಲಿ, ಯಾವುದೋ ಒಂದು ಯಂತ್ರ ಆಕೆಯ ರೆಪ್ಪೆಗಾಗಿ ಹಾಗೇ ಕಾಯುತ್ತಿತ್ತು. ಅಷ್ಟೊಂದು ಕೂಸುಗಳಿಗೆ ಜೀವ ಇದೆ ಎಂದು ಹೇಳಿದವಳು ಈಗ ತನಗೂ ಜೀವ ಇದೆ ಎಂದು ತಾನೇ ಹೇಳಬೇಕಿತ್ತು.

ಕಣ್ಣು ಮಿಟುಕಿಸಿದಳು. ಗೆರೆ ಹಸಿರಾಯಿತು.

“ಆತ್ರಿ. ಈ ತಿಂಗಳ ಕೊನಿಗೆ ಬಾಕಿ ಸಮೇತ ಜಮಾ ಆಗ್ತದ” ಎಂದಳು ನಗ್ಮಾ.

ಬಸವಂತಮ್ಮ ಏಳಲಿಲ್ಲ. “ನಾ ಖರೇನೇ ಕಣ್ಣು ಮುಚ್ಚಿದ ದಿನ, ಮಾಸ್ತರದೂ ನಿಲ್ತದಲ್ಲ?”

“ಎರಡೂ ನಿಲ್ತಾವ್ರಿ. ನಿಮಗ ಮಕ್ಕಳಿಲ್ಲ ಅಂತ ಅದ ಇದರಾಗ” ಎಂದು ನಗ್ಮಾ ಮೆತ್ತಗೆ ಹೇಳಿದಳು.

ಪೋತ್ನಾಳದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಹೊರಗೆ ಭತ್ತದ ನಾಟಿ ನಡೆದಿತ್ತು, ನೋಡಲಿಲ್ಲ. ಇಷ್ಟು ವರ್ಷ ತಾನು ಬರೀ ಚೀಲ ಹೊತ್ತು ಮುಟ್ಟಿಸುವವಳು, ಅಕ್ಕಿ ಪೂರಾ ಮಾಸ್ತರದು ಎಂದುಕೊಂಡಿದ್ದಳು. ಹಾಗಿರಲಿಲ್ಲ. ಆ ಮನುಷ್ಯನ ಪಗಾರ ಇನ್ನೂ ನಡೆದಿದ್ದದ್ದು ಈಕೆಯ ಉಸಿರಿನ ಮೇಲೆ. ಈಕೆ ಬೆಳಿಗ್ಗೆ ಎದ್ದು ಕಣ್ಣು ಬಿಟ್ಟರೆ ಮಾಸ್ತರು ನೌಕರಿಗೆ ಹೋದಂತೆ. ಎಂಥ ದೊಡ್ಡ ಮಾತು ಇದು, ಯಾರೂ ಹೇಳಿರಲೇ ಇಲ್ಲವಲ್ಲ ಎಂದು ಬಸವಂತಮ್ಮ ತನ್ನ ಎದೆಯ ಮೇಲೆ ತಾನೇ ಕೈಯಿಟ್ಟುಕೊಂಡಳು. ಒಳಗೆ ಅದು ತನ್ನ ಪಾಡಿಗೆ ಬಡಿಯುತ್ತಿತ್ತು. ಅಳು ಬಂತು, ತಡೆಯಲಿಲ್ಲ. ಪಕ್ಕದ ಹೆಂಗಸು ಕೇಳಿದ್ದಕ್ಕೆ ಕಣ್ಣಿನ ಆಪರೇಷನ್ ಆಗಿದೆ ಎಂದಳು.

ಅಮಾವಾಸ್ಯೆಯ ದಿನ ಕೊಟ್ರೇಶನ ಗಾಡಿಯ ಮೇಲೆ ಅಕ್ಕಿ ಚೀಲ ಹೇರಿಸಿಕೊಂಡು ಕುರ್ಡಿಗೆ ಹೋದಳು. ತನ್ನ ಪಾಸ್‌ಬುಕ್ಕಿನ ದುಡ್ಡಿನಲ್ಲಿ ಕೊಂಡ ಅಕ್ಕಿ. ಮಠದ ಬಸವಲಿಂಗ ಮೈಕು ಊದಿ ನೋಡಿ, ಎಂದಿನಂತೆ ಬಾಯಿ ತೆರೆಯುವುದರಲ್ಲಿದ್ದ.

“ತಡಿಯಪ್ಪಾ” ಎಂದಳು. “ಮಾಸ್ತರ ಪಗಾರ ಈ ತಿಂಗಳು ಬಂದಿಲ್ಲ. ಸುಳ್ಳು ಹೇಳಬ್ಯಾಡ.”

“ಮತ್ತ ಏನಂತ ಹೇಳ್ಲೆಮ್ಮಾ?”

ಆಕೆಯ ಹೆಸರು ಆ ಮೈಕಿನಲ್ಲಿ ಎಂದೂ ಬಂದಿರಲಿಲ್ಲ. ಬಸವಂತಮ್ಮ ಸೆರಗು ಸರಿಮಾಡಿಕೊಂಡಳು.

“ಮಹಾಂತಯ್ಯ ಮಾಸ್ತರ ಹೇಣ್ತಿ ಬಸವಂತಮ್ಮ ಇನ್ನೂ ಬದುಕ್ಯಾಳ ಅಂತ ಹೇಳು. ಅಷ್ಟ ಸಾಕು.”

ಬಸವಲಿಂಗ ಹಾಗೇ ಹೇಳಿದ. ಮಠದ ಅಂಗಳದ ಆಚೆ, ಬೀದಿಯ ತುದಿಯವರೆಗೂ ಕೇಳಿಸಿತು.