ಇರತಕ್ಕದ್ದು, ಇದ್ದರೆ ಆದ್ಯತೆ

ಪತ್ರಿಕೆಯ ಆ ಪ್ರಕಟಣೆಯನ್ನು ಓದಿದಷ್ಟೂ ನನಗೆ ಗೊಂದಲ. ಹೊಸಕೋಟೆ ಕಡೆಯ ಒಂದು ರೇಷ್ಮೆ ಮೊಟ್ಟೆ ಕೇಂದ್ರಕ್ಕೆ ಮಹಿಳಾ ಶಿಕ್ಷಾರ್ಥಿ ಬೇಕಾಗಿತ್ತು. ಆರು ತಿಂಗಳು ಕೆಲಸ ಕಲಿಯುವುದು, ಕೊಂಚ ಭತ್ಯೆ. ಇವತ್ತಿನ ಟಪಾಲು ತಪ್ಪಿದರೆ ಅರ್ಜಿ ಹೊತ್ತಿಗೆ ತಲುಪುವುದಿಲ್ಲ. ಪ್ರಾಣಿಶಾಸ್ತ್ರದ ಬಿ.ಎಸ್ಸಿ. ಮುಗಿಸಿ ದೊಡ್ಡಬಳ್ಳಾಪುರದ ಮನೆಯಲ್ಲಿ ಕೂತ ಮೇಲೆ ನನ್ನ ಓದಿಗೆ ಹೊಂದುವ ಕೆಲಸ ಕಣ್ಣಿಗೆ ಬಿದ್ದದ್ದು ಇದೊಂದೇ.

‘ಪ್ರಾಣಿಶಾಸ್ತ್ರದಲ್ಲಿ ಪದವಿ, ತೆಲುಗು ಮಾತನಾಡುವ ಶಕ್ತಿ ಇರತಕ್ಕದ್ದು. ಹಳ್ಳಿಗಳಲ್ಲಿ ಸಂಚರಿಸಲು ಸಿದ್ಧರಿರತಕ್ಕದ್ದು. ಸೈಕಲ್ ಸವಾರಿ, ಟೈಪಿಂಗ್ ಬಲ್ಲವರಿಗೆ ಆದ್ಯತೆ. ಮೊಟ್ಟೆಯಿಟ್ಟ ರೇಷ್ಮೆ ಚಿಟ್ಟೆಗಳ ರೋಗ ಪರೀಕ್ಷೆಯನ್ನು ಕೇಂದ್ರದಲ್ಲೇ ಕಲಿಸಲಾಗುವುದು.’

“ಸೈಕಲ್ ಬರಲ್ಲ, ಟೈಪಿಂಗ್ ಬರಲ್ಲ, ರೋಗ ಗೀಗ ನೋಡೋದೂ ಗೊತ್ತಿಲ್ಲ. ಇನ್ನೇನು ಉಳೀತಮ್ಮ ನಿಂಗೆ?” ಎಂದರು ಗೋಪಾಲಪ್ಪ ಚಿಕ್ಕಪ್ಪ.

“ರೋಗ ನೋಡೋದು ಅವರೇ ಕಲಿಸ್ತಾರೆ. ಸೈಕಲ್ಲು, ಟೈಪಿಂಗು ಇದ್ರೆ ಆದ್ಯತೆ ಅಂತ ಅಷ್ಟೇ, ಚಿಕ್ಕಪ್ಪ.”

“ಬೇಡದ್ದನ್ನ ಯಾಕೆ ಅಚ್ಚು ಹಾಕಿಸ್ತಾರೆ? ಈ ಯುದ್ಧದಾಗೆ ಕಾಗದ ಅಷ್ಟು ಸಸ್ತಾನಾ?”

ನನಗೆ ಬರುವವುಗಳ ಲೆಕ್ಕದಿಂದ ತೆಲುಗನ್ನೂ ನಾನೇ ಹೊಡೆದುಹಾಕಿದ್ದೆ. ಆ ಲಿಪಿಯ ಒಂದಕ್ಷರವೂ ನನಗೆ ಗೊತ್ತಿಲ್ಲ.

ಅಷ್ಟರಲ್ಲಿ ಹುಣಸೆಹಣ್ಣು ಮಾರುವ ಪಿಳ್ಳಮ್ಮ ಬಾಗಿಲಿಗೆ ಬಂದಳು. ಮೂಲೆಯಲ್ಲಿದ್ದ ಅಜ್ಜಿ, ನನ್ನ ಅಮ್ಮನ ತಾಯಿ, ಚಿಂತಾಮಣಿ ಕಡೆಯವರು; ಮನೆಮಾತು ತೆಲುಗು. ಇಬ್ಬರೂ ತೆಲುಗಿನಲ್ಲೇ ಶುರುಮಾಡಿದರು.

“ಏನಂತೆ ಅವಳದು?” ಎಂದರು ಚಿಕ್ಕಪ್ಪ. ಅವರಿಗೆ ಕನ್ನಡವೊಂದೇ.

“ಹೊಸ ಹಣ್ಣಂತೆ, ನಾರು ಕಮ್ಮಿಯಂತೆ. ಹೋದ ಸಲವೂ ನೀನು ಹಿಂಗೇ ಹೇಳಿದ್ದೆ ಅಂತಿದ್ದಾರೆ ಅಜ್ಜಿ.”

ಹೇಳಿದ ಮೇಲೆ ಮತ್ತೆ ಪತ್ರಿಕೆ ನೋಡಿದೆ. ಮಾತನಾಡುವ ಶಕ್ತಿ ಎಂದಿತ್ತು. ಓದು, ಬರಹ ಎಂದು ಎಲ್ಲೂ ಇರಲಿಲ್ಲ. ಅಜ್ಜಿಯೊಡನೆ ಆಡುವ ಮಾತನ್ನೂ ಇವರು ಅರ್ಹತೆಯೆಂದು ಎಣಿಸುತ್ತಾರೆಯೇ? ಎಣಿಸಬೇಕು. ಆದರೂ ಪೂರ್ತಿ ನಂಬಿಕೆ ಬರಲಿಲ್ಲ.

ಚಿಕ್ಕಪ್ಪ ಪತ್ರಿಕೆಯ ಮೇಲೆ ಬೆರಳಿಟ್ಟರು. “ಹಳ್ಳಿ ತಿರುಗೋದೂ ಇರತಕ್ಕದ್ದರಾಗೇ ಐತೆ. ಇದನ್ನ ನೋಡಿದ್ಯಾ? ಬಾವಿ ಹತ್ರ ನಾಕು ಜನ ಇದ್ರೆ ನಾಚ್ಕೊಂಡು ಬರೀ ಕೊಡ ಹಿಡ್ಕೊಂಡು ವಾಪಸ್ ಬರ್ತೀಯ ನೀನು.”

ನೋಡಿದ್ದೆ. ಬೆಳಗಿನಿಂದ ಬಾರದ ವಿದ್ಯೆಗಳನ್ನೇ ಲೆಕ್ಕ ಹಾಕುತ್ತ, ಈ ಸಾಲನ್ನು ಮಾತ್ರ ದಾಟಿಕೊಂಡು ಹೋಗಿದ್ದೆ.

ಪಿಳ್ಳಮ್ಮ ಬುಟ್ಟಿ ಎತ್ತುತ್ತಿದ್ದಳು. ನಾನು ಎದ್ದು ಬಾಗಿಲಿಗೆ ಹೋದೆ. ಅವಳೂರಲ್ಲಿ ಹುಳು ಸಾಕುವ ಹೆಂಗಸರಿದ್ದಾರೆಯೇ, ನನ್ನಂಥವಳು ಹೋದರೆ ಮಾತಾಡಿಸುತ್ತಾರೆಯೇ ಎಂದು ತೆಲುಗಿನಲ್ಲಿ ಕೇಳಿದೆ.

ಅವಳು ನಕ್ಕಳು. “ಹುಳ ಜ್ವರಕ್ಕೆ ಹೋಗಿ ಪೊರೆ ಬಿಡೋಕೆ ಮಲಗಿದಾಗ ಆಫೀಸಿನ ಗಂಡಸರು ಬಂದ್ರೆ ನಾವು ಒಳಗೆ ಸೇರ್ಕೋತೀವಿ. ನೀನು ಬಂದ್ರೆ ಕೂರಿಸಿಕೊಂಡು ತೋರಿಸ್ತೀವಿ. ಮಾತು ನಾವೇ ಆಡ್ತೀವಿ, ನೀನು ಕೇಳು ಸಾಕು,” ಎಂದಳು ತೆಲುಗಿನಲ್ಲೇ.

“ಏನಂತೆ?” ಎಂದರು ಚಿಕ್ಕಪ್ಪ.

“ಬಾ ಅಂತಿದ್ದಾಳೆ.”

ಅರ್ಜಿಯಲ್ಲಿ ಸೈಕಲ್, ಟೈಪಿಂಗ್ ಬರುವುದಿಲ್ಲವೆಂದು ಇದ್ದುದನ್ನೇ ಬರೆದೆ. ತೆಲುಗು ಮಾತನಾಡಬಲ್ಲೆ. ಹಳ್ಳಿಗಳಲ್ಲಿ ಸಂಚರಿಸಲು ಸಿದ್ಧಳಿದ್ದೇನೆ. ಈ ಕೊನೆಯ ಮಾತು ನಿಜವೋ ಅಲ್ಲವೋ ಆಗಲೂ ತಿಳಿಯಲಿಲ್ಲ. ಲಕೋಟೆ ಅಂಟಿಸಿ, ಚಿಕ್ಕಪ್ಪ ಕೈ ನೀಡಿದರೂ ಕೊಡದೆ, ಟಪಾಲು ಕಚೇರಿಗೆ ನಾನೇ ಹೊರಟೆ.